ಒಂದೇ ಸೀರೆಗೆ ಎರಡು ಬಾಗಿಲು

ಕೊಳ್ಳೇಗಾಲವೆಂದೊಡನೆ ಓದುಗ ಬಂಧುಗಳಿಗೆ ರೇಷ್ಮೆಯ ನೆನಪಾಗುವುದು ಸಹಜ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಊರಿಗೆ ಕೈಮಗ್ಗದ ಸೀರೆಯೇ ಗುರುತು. ಚಿಲ್ಲರೆ ವ್ಯಾಪಾರದ ನಿರ್ವಹಣೆಯನ್ನು ಅಭ್ಯಸಿಸುತ್ತಿರುವ ಯಳಂದೂರಿನ ತರುಣನೊಬ್ಬನು ತನ್ನ ಕಾಲೇಜಿನ ಪ್ರಬಂಧಕ್ಕೆ ಸಾಮಗ್ರಿ ಬೇಕೆಂದು ಕೇಳಲಾಗಿ, ನಾವು ಆತನೊಡನೆ ಇಲ್ಲಿನ ಒಂದು ಸಣ್ಣ ಸೀರೆ ಅಂಗಡಿಯಲ್ಲಿ ಒಂದು ದಿನ ಕುಳಿತೆವು.

ಸರಕು, ಬೆಲೆ, ಸ್ಥಳ, ಪ್ರಚಾರ ಎಂಬ ನಾಲ್ಕನ್ನು ಆತ ಪುಸ್ತಕದಲ್ಲಿ ಓದಿದ್ದನು. ಅಂಗಡಿಯಲ್ಲಿ ಅವು ಬಿಡಿಬಿಡಿಯಾಗಿ ಕಾಣುವುದಿಲ್ಲ. ಹನೂರಿನ ದಾರಿಯಾಗಿ ಮಹದೇಶ್ವರ ಬೆಟ್ಟಕ್ಕೆ ಹೋಗುವವರು ನಿಂತ ನಿಲುವಿನಲ್ಲಿಯೇ ಕೊಳ್ಳುವುದರಿಂದ ಕಡಿಮೆ ಬೆಲೆಯ ಸೀರೆ ಮತ್ತು ರವಿಕೆಯ ಬಟ್ಟೆ ಬಾಗಿಲ ಬಳಿಯಿದ್ದವು. ಮದುವೆಯ ಜವಳಿಗೆ ಬರುವ ಮನೆಯವರು ಗಂಟೆಗಟ್ಟಲೆ ಕೂರುವುದರಿಂದ ಒಳಗಿನ ಜಮಖಾನದ ಮೇಲೆ ಹರಡಿ ತೋರಿಸುವ ಏರ್ಪಾಡು. ಕಪಾಟಿನ ಸೀರೆಗಳನ್ನು ಬಣ್ಣಕ್ಕನುಸಾರವಾಗಿ ಅಲ್ಲ, ಬೆಲೆಗನುಸಾರವಾಗಿ ಜೋಡಿಸಿದ್ದರು. ಗಿರಾಕಿಯ ಬಾಯಲ್ಲಿ ಮೊದಲು ಬರುವುದು ಬೆಲೆಯೇ ಆದ್ದರಿಂದ ಇದು ಸರಿಯೆಂದು ನಮ್ಮ ಭಾವನೆ.

ತೊಡಕು ಬಂದುದು ದೂರವಾಣಿಯಿಂದ. ಬೆಳಿಗ್ಗೆ ಒಂದು ಹಸಿರು ಸೀರೆಯ ಚಿತ್ರವನ್ನು ವಾಟ್ಸಾಪಿನಲ್ಲಿ ಬೆಂಗಳೂರಿಗೆ ಕಳುಹಿಸಿದ್ದರು. ಅಲ್ಲಿಂದ "ಮುಹೂರ್ತಕ್ಕೆ ಅದೇ ಇರಲಿ" ಎಂಬ ಉತ್ತರ ಬರುವಷ್ಟರಲ್ಲಿ ಹನೂರಿನ ತಾಯಿ ಮಗಳು ಅದನ್ನೇ ಕೊಂಡು ಬಸ್ಸು ಹತ್ತಿಯಾಗಿತ್ತು. ಗಿರಣಿಯ ಬಟ್ಟೆಯಾದರೆ ಮತ್ತೊಂದು ತೆಗೆದುಕೊಡಬಹುದು. ಕೈಮಗ್ಗದಲ್ಲಿ ಆ ಬಣ್ಣ, ಆ ಸೆರಗಿನದು ಅನೇಕ ವೇಳೆ ಒಂದೇ ಇರುತ್ತದೆ. ಬೆಂಗಳೂರಿನ ಮನೆಯವರು ಬೇರೆ ಸೀರೆಯನ್ನು ಒಪ್ಪಲಿಲ್ಲ.

ಉಪಾಯವನ್ನು ಆ ಮಧ್ಯಾಹ್ನವೇ ಮಾಡಿದೆವು. ಪ್ರತಿ ಸೀರೆಗೂ ಒಂದು ಸಂಖ್ಯೆಯ ಚೀಟಿ, ಅದೇ ಸಂಖ್ಯೆ ಗಲ್ಲಾದ ಬಳಿಯ ಒಂದೇ ಪುಸ್ತಕದಲ್ಲಿ. ಚಿತ್ರ ಕಳುಹಿಸಿದ ಸೀರೆಯನ್ನು ಕಪಾಟಿನಿಂದ ತೆಗೆದು ಬೇರೊಂದು ಹಲಗೆಯ ಮೇಲಿಟ್ಟು, ಪುಸ್ತಕದಲ್ಲಿ ವೇಳೆ ಬರೆಯಬೇಕು. ಎರಡು ಗಂಟೆಯೊಳಗೆ ಮುಂಗಡ ಬಾರದಿದ್ದರೆ ಅದು ಮರಳಿ ಕಪಾಟಿಗೆ. ಈ ಗಡುವನ್ನು ಚಿತ್ರದ ಜೊತೆಯಲ್ಲಿಯೇ ತಿಳಿಸಬೇಕು. ಒಮ್ಮೆಗೆ ಐದಕ್ಕಿಂತ ಹೆಚ್ಚು ಸೀರೆಗಳನ್ನು ಹೀಗೆ ಕಟ್ಟಿಹಾಕಿದರೆ ಎದುರಿಗೆ ಕುಳಿತ ಗಿರಾಕಿಗೆ ತೋರಿಸಲು ಒಳ್ಳೆಯದು ಉಳಿಯದು. ರಾತ್ರಿ ಗಲ್ಲಾ ಎಣಿಸುವಾಗ ಹಲಗೆಯ ಸೀರೆಗಳನ್ನೂ ಪುಸ್ತಕವನ್ನೂ ತಾಳೆ ನೋಡಬೇಕು. ಮಾರಾಟವನ್ನು ಬರೆಯಲು ಮರೆತಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಮತ್ತೊಂದು ಮಾತು ಬಣ್ಣದ್ದು. ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನದು ಇನ್ನೊಂದು ಆಗಿರುವ ಸೀರೆ ಬೆಳಕು ಬೀಳುವ ಕಡೆಗೆ ತಕ್ಕಂತೆ ಛಾಯೆ ಬದಲಿಸುತ್ತದೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಒಂದೇ ಚಿತ್ರ ನಂಬಿ ಕೊಂಡವರು ಸೀರೆ ಕೈಸೇರಿದಾಗ "ಇದು ಬೇರೆ" ಎನ್ನುವುದು ಇದರಿಂದಲೇ. ಬಾಗಿಲ ಹಗಲು ಬೆಳಕಿನಲ್ಲಿ, ಪಕ್ಕದಲ್ಲೊಂದು ಬಿಳಿಯ ಪಂಚೆಯಿಟ್ಟು, ಸೆರಗನ್ನು ಅಲ್ಲಾಡಿಸುತ್ತ ಚಿಕ್ಕ ವಿಡಿಯೋ ತೆಗೆದರೆ ಈ ವ್ಯತ್ಯಾಸ ಮೊದಲೇ ಕಾಣುತ್ತದೆ. ಸಿಲ್ಕ್ ಮಾರ್ಕ್ ಚೀಟಿಯಿದ್ದರೆ ಅದನ್ನೂ ತೋರಿಸುವುದು ಒಳಿತು. ಅದು ಶುದ್ಧ ರೇಷ್ಮೆಯೆಂಬುದಕ್ಕೆ ಗುರುತೇ ಹೊರತು ಬಣ್ಣಕ್ಕೂ ಜರಿಗೂ ಹೊಣೆಯಲ್ಲ.

ಆ ತರುಣನು ತನ್ನ ಪ್ರಬಂಧದಲ್ಲಿ ಪುಸ್ತಕದ ಒಂದು ಪುಟವನ್ನು ಹಾಗೆಯೇ ನಕಲು ಮಾಡಿಕೊಂಡನು. ಹಸಿರು ಸೀರೆಯ ಎದುರಿನ ಕಲಂ ಮಾತ್ರ ಖಾಲಿಯಾಗಿತ್ತು.