ಎರಡು ತುದಿಯಿಂದ ಎರಡು ಬೆರಳು

ಪುಸ್ತಕದಂಗಡಿಯೊಂದು ನಿಮಗೆ 500 ರೂಪಾಯಿಯ ಕೂಪನ್ ಕೊಟ್ಟಿದೆ ಎನ್ನಿ. ಷರತ್ತು ಎರಡೇ: ಎರಡು ಪುಸ್ತಕ ಕೊಳ್ಳಬೇಕು, ಬೆಲೆ ಕೂಡಿದರೆ ಸರಿಯಾಗಿ 500 ಆಗಬೇಕು. ಕಪಾಟಿನಲ್ಲಿ ಹತ್ತು ಪುಸ್ತಕಗಳು ಬೆಲೆಯ ಏರಿಕೆ ಕ್ರಮದಲ್ಲಿ ನಿಂತಿವೆ:

45, 80, 120, 150, 185, 210, 260, 315, 390, 430

ಅಂಥ ಜೋಡಿ ಇದೆಯೇ? ಪ್ರತಿ ಪುಸ್ತಕವನ್ನೂ ಉಳಿದ ಒಂದೊಂದರ ಜೊತೆ ಕೂಡಿಸಿ ನೋಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಹತ್ತು ಪುಸ್ತಕಗಳಲ್ಲಿ 45 ಜೋಡಿಗಳಿವೆ. ಕುಳಿತು ಲೆಕ್ಕ ಹಾಕಿದರೆ ಮುಗಿಯುತ್ತದೆ. ಆದರೆ ಪಟ್ಟಿಯಲ್ಲಿ ಒಂದು ಲಕ್ಷ ಸಂಖ್ಯೆಗಳಿದ್ದರೆ ಜೋಡಿಗಳು ಸುಮಾರು 500 ಕೋಟಿ. ಕಂಪ್ಯೂಟರಿಗೂ ಅದು ಸಣ್ಣ ಕೆಲಸವಲ್ಲ.

ಸಂಖ್ಯೆಗಳು ಕ್ರಮವಾಗಿ ನಿಂತಿವೆ ಎಂಬ ಸಂಗತಿಯನ್ನು ಈ ದಾರಿ ಬಳಸಿಕೊಳ್ಳುವುದೇ ಇಲ್ಲ. ಅದನ್ನು ಬಳಸಿಕೊಳ್ಳುವ ವಿಧಾನಕ್ಕೆ ಪ್ರೋಗ್ರಾಮರುಗಳು ‘ಟು ಪಾಯಿಂಟರ್’ ಎನ್ನುತ್ತಾರೆ. ಪಾಯಿಂಟರ್ ಎಂದರೆ ಇಲ್ಲಿ ಪಟ್ಟಿಯ ಒಂದು ಸ್ಥಾನವನ್ನು ತೋರುವ ಬೆರಳು, ಅಷ್ಟೇ.

ಎಡಗೈ ಬೆರಳನ್ನು ಅತಿ ಚಿಕ್ಕದರ ಮೇಲೆ, ಬಲಗೈ ಬೆರಳನ್ನು ಅತಿ ದೊಡ್ಡದರ ಮೇಲೆ ಇಡಿ. ಎರಡನ್ನೂ ಕೂಡಿಸಿ. ಮೊತ್ತ ಕಡಿಮೆಯಾದರೆ ಎಡಬೆರಳನ್ನು ಒಂದು ಮನೆ ಮುಂದಕ್ಕೆ ಸರಿಸಿ; ಹೆಚ್ಚಾದರೆ ಬಲಬೆರಳನ್ನು ಒಂದು ಮನೆ ಹಿಂದಕ್ಕೆ ತನ್ನಿ. ಸರಿಹೊಂದಿದರೆ ಉತ್ತರ ಸಿಕ್ಕಿತು. ಎರಡೂ ಬೆರಳು ಒಂದೇ ಮನೆಗೆ ಬಂದರೆ ಜೋಡಿ ಇಲ್ಲ.

ನಮ್ಮ ಪಟ್ಟಿಯಲ್ಲೇ ಮಾಡಿ ನೋಡೋಣ. 45 ಮತ್ತು 430 ಸೇರಿ 475. ಸಾಲದು, ಎಡಬೆರಳು 80ಕ್ಕೆ. 80 ಮತ್ತು 430 ಸೇರಿ 510. ಹೆಚ್ಚಾಯಿತು, ಬಲಬೆರಳು 390ಕ್ಕೆ. 80 ಮತ್ತು 390 ಸೇರಿ 470, ಎಡಬೆರಳು 120ಕ್ಕೆ. 120 ಮತ್ತು 390 ಸೇರಿ 510, ಬಲಬೆರಳು 315ಕ್ಕೆ. 120 ಮತ್ತು 315 ಸೇರಿ 435. 150 ಮತ್ತು 315 ಸೇರಿ 465. ಎರಡು ಸಲವೂ ಕಡಿಮೆ. 185 ಮತ್ತು 315 ಸೇರಿ ಸರಿಯಾಗಿ 500. ಏಳನೆಯ ಕೂಡಿಕೆಗೆ ಜೋಡಿ ಸಿಕ್ಕಿತು.

ಇಲ್ಲಿ ಒಂದು ಅನುಮಾನ ಏಳಬೇಕು. ಬೆರಳು ಸರಿಸುವಾಗ ನಾವು ಎಷ್ಟೋ ಜೋಡಿಗಳನ್ನು ಮುಟ್ಟಿಯೂ ನೋಡಲಿಲ್ಲ. ಬೇಕಾದ ಜೋಡಿ ಅವುಗಳಲ್ಲೇ ಅಡಗಿದ್ದರೆ?

ಮೊದಲ ಹೆಜ್ಜೆಯನ್ನೇ ಮತ್ತೆ ನೋಡಿ. 45ಕ್ಕೆ ಸಿಗಬಹುದಾದ ಅತಿ ದೊಡ್ಡ ಜೊತೆ 430. ಅದರೊಂದಿಗೆ ಕೂಡಿದರೂ 475 ದಾಟಲಿಲ್ಲ. ಹಾಗಾದರೆ ಅದಕ್ಕಿಂತ ಚಿಕ್ಕದಾದ ಯಾವುದರ ಜೊತೆ ಸೇರಿದರೂ 45 ಐನೂರನ್ನು ಮುಟ್ಟಲಾರದು. ಒಂದೇ ಕೂಡಿಕೆಯಲ್ಲಿ 45 ಇರುವ ಒಂಬತ್ತೂ ಜೋಡಿಗಳು ಹೊರಬಿದ್ದವು. ಎರಡನೆಯ ಹೆಜ್ಜೆಯಲ್ಲಿ ಇದೇ ವಾದ ತಿರುವುಮುರುವಾಗುತ್ತದೆ. ಉಳಿದವರಲ್ಲಿ 430ಕ್ಕೆ ಅತಿ ಚಿಕ್ಕ ಜೊತೆ 80. ಅದರೊಂದಿಗೇ 510 ಆದಮೇಲೆ ಬೇರೆ ಯಾವುದರ ಜೊತೆ ಸೇರಿದರೂ ಇನ್ನೂ ಹೆಚ್ಚೇ ಆಗುತ್ತದೆ. ಆದ್ದರಿಂದ 430ರ ಉಳಿದ ಎಂಟು ಜೋಡಿಗಳೂ ಹೋದವು. ನೋಡದೆ ಬಿಟ್ಟ ಪ್ರತಿಯೊಂದು ಜೋಡಿಗೂ ಹೀಗೆ ಬಿಡಲು ಕಾರಣವಿದೆ.

ಈ ವಿಧಾನದ ನಿಜವಾದ ಬಲ ಕಾಣುವುದು ಜೋಡಿ ಇಲ್ಲದಿದ್ದಾಗ. ‘ಇದೆ’ ಎನ್ನಲು ಒಂದು ಜೋಡಿ ತೋರಿಸಿದರೆ ಸಾಕು. ‘ಇಲ್ಲ’ ಎನ್ನಲು 45 ಜೋಡಿಗಳಿಗೂ ಲೆಕ್ಕ ಕೊಡಬೇಕು. ಕೂಪನ್ನಿನ ಮೊತ್ತ 505 ಎಂದಿಟ್ಟುಕೊಳ್ಳಿ. ಮೊದಲ ಏಳು ಕೂಡಿಕೆಗಳು ಹಿಂದಿನವೇ. ಈ ಸಲ 500 ಕಡಿಮೆಯಾದ್ದರಿಂದ ಎಡಬೆರಳು 210ಕ್ಕೆ ಹೋಗುತ್ತದೆ. 210 ಮತ್ತು 315 ಸೇರಿ 525, ಹೆಚ್ಚು. 210 ಮತ್ತು 260 ಸೇರಿ 470, ಕಡಿಮೆ. ಎರಡೂ ಬೆರಳು 260ರ ಮೇಲೆ ಕೂಡಿದವು. ಒಂಬತ್ತು ಕೂಡಿಕೆಗಳಲ್ಲಿ ಕ್ರಮವಾಗಿ 9, 8, 7 ಎಂದು 1ರವರೆಗೆ ಜೋಡಿಗಳು ಬಿದ್ದುಹೋದವು. ಒಟ್ಟು ಸರಿಯಾಗಿ 45. ಒಂದೂ ತಪ್ಪಿಸಿಕೊಂಡಿಲ್ಲ, ಆದ್ದರಿಂದ ‘ಇಲ್ಲ’ ಎಂಬ ಮಾತು ಖಚಿತ. ಒಂದು ಲಕ್ಷ ಸಂಖ್ಯೆಗಳಿದ್ದರೂ ಹೀಗೆಯೇ: ಹೆಚ್ಚೆಂದರೆ 99,999 ಕೂಡಿಕೆಗಳಲ್ಲಿ 500 ಕೋಟಿ ಜೋಡಿಗಳ ಲೆಕ್ಕ ತೀರುತ್ತದೆ.

ಪೈಥಾನ್ ಭಾಷೆಯಲ್ಲಿ ಇದನ್ನು ಹೀಗೆ ಬರೆಯಬಹುದು. `i` ಎಡಬೆರಳು, `j` ಬಲಬೆರಳು.

```python
def has_pair(a, target):
    i, j = 0, len(a) - 1
    while i < j:
        s = a[i] + a[j]
        if s == target:
            return True
        if s < target:
            i += 1
        else:
            j -= 1
    return False
```

ಹೊಸಬರು ಹೆಚ್ಚಾಗಿ ಎಡವುವುದು ಮೂರನೆಯ ಸಾಲಿನಲ್ಲಿ. `i < j` ಬದಲು `i <= j` ಎಂದು ಬರೆದರೆ ಎರಡೂ ಬೆರಳು ಒಂದೇ ಪುಸ್ತಕದ ಮೇಲಿರುವಾಗಲೂ ಕೂಡಿಕೆ ನಡೆಯುತ್ತದೆ. ನಮ್ಮ ಪಟ್ಟಿಯಲ್ಲಿ 420 ಹುಡುಕಿದರೆ ಒಂಬತ್ತು ಕೂಡಿಕೆಗಳ ನಂತರ ಎರಡೂ ಬೆರಳು 210ರ ಮೇಲೆ ಬಂದು ನಿಲ್ಲುತ್ತವೆ. ತಪ್ಪು ಬರೆದ ಪ್ರೋಗ್ರಾಮ್ ಆಗ 210ಕ್ಕೆ 210 ಕೂಡಿಸಿ ‘ಇದೆ’ ಎನ್ನುತ್ತದೆ. ಆದರೆ ಕಪಾಟಿನಲ್ಲಿ 210ರ ಪುಸ್ತಕ ಇರುವುದು ಒಂದೇ. ಆ ಬೆಲೆಯ ಎರಡು ಪುಸ್ತಕಗಳಿದ್ದರೆ ಮಾತು ಬೇರೆ: ಅವು ಎರಡು ಬೇರೆ ಮನೆಗಳಲ್ಲಿರುತ್ತವೆ, ಸರಿಯಾದ ಪ್ರೋಗ್ರಾಮ್ ಅವನ್ನು ಜೋಡಿಯೆಂದೇ ಗುರುತಿಸುತ್ತದೆ. ಹಾಗಾಗಿ ಪರೀಕ್ಷಿಸುವಾಗ ಪಟ್ಟಿಯ ಒಂದು ಸಂಖ್ಯೆಯ ಎರಡರಷ್ಟನ್ನು ಕೇಳಿ ನೋಡುವುದು ಒಳ್ಳೆಯದು. ಈ ತಪ್ಪು ಇದ್ದರೆ ಅಲ್ಲಿ ಬಯಲಾಗಬಹುದು.

ಇನ್ನೊಂದು ತಪ್ಪು ಸದ್ದಿಲ್ಲದ್ದು. ಪಟ್ಟಿ ಕ್ರಮವಾಗಿಲ್ಲದಿದ್ದರೂ ಪ್ರೋಗ್ರಾಮ್ ದೂರು ಹೇಳುವುದಿಲ್ಲ, ತನ್ನ ಪಾಡಿಗೆ ಓಡಿ ಉತ್ತರ ಕೊಡುತ್ತದೆ. 210, 185, 315, 45 ಎಂಬ ಪಟ್ಟಿಯಲ್ಲಿ 500 ಹುಡುಕಿ. 210 ಮತ್ತು 45 ಸೇರಿ 255. 185 ಮತ್ತು 45 ಸೇರಿ 230. 315 ಮತ್ತು 45 ಸೇರಿ 360. ಎಲ್ಲವೂ ಕಡಿಮೆ, ಎಡಬೆರಳೇ ಸರಿಯುತ್ತ ಹೋಗಿ ಬಲಬೆರಳನ್ನು ಕೂಡಿತು. ಉತ್ತರ ‘ಇಲ್ಲ’. ಆದರೆ 185 ಮತ್ತು 315 ಪಕ್ಕಪಕ್ಕದಲ್ಲೇ ಇವೆ! ಬಲಬೆರಳು ಅತಿ ದೊಡ್ಡದರ ಮೇಲಿದೆ ಎಂಬ ನಂಬಿಕೆಯ ಮೇಲೆ 185ನ್ನು ಬಿಟ್ಟೆವು, ಆ ನಂಬಿಕೆಯೇ ಸುಳ್ಳಾಗಿತ್ತು. ಗಮನಿಸಿ: ಕ್ರಮ ತಪ್ಪಿದ ಪಟ್ಟಿಯಲ್ಲೂ ‘ಇದೆ’ ಎಂಬ ಉತ್ತರ ನಿಜವೇ, ಏಕೆಂದರೆ ಆ ಜೋಡಿ ಕಣ್ಣೆದುರಿಗಿರುತ್ತದೆ. ಕೆಡುವುದು ‘ಇಲ್ಲ’ ಎಂಬ ಉತ್ತರ ಮಾತ್ರ.

ಪಟ್ಟಿ ಚೆಲ್ಲಾಪಿಲ್ಲಿಯಾಗಿದ್ದರೆ ಮೊದಲು ಜೋಡಿಸಿಕೊಳ್ಳಬೇಕು, ಅದಕ್ಕೆ ಬೆರಳು ಸರಿಸುವುದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಒಂದೇ ಸಲ ಕೇಳುವ ಪ್ರಶ್ನೆಯಾದರೆ ಬೇರೆ ದಾರಿಯೂ ಇದೆ: ಪಟ್ಟಿಯನ್ನು ಓದುತ್ತ ಹೋಗಿ, ಕಂಡ ಸಂಖ್ಯೆಗಳನ್ನೆಲ್ಲ ನೆನಪಿನಲ್ಲಿಟ್ಟು, 185 ಬಂದಾಗ ‘315 ಈಗಾಗಲೇ ಬಂದಿತ್ತೇ?’ ಎಂದು ಕೇಳುವುದು. ಇದಕ್ಕೆ ಕ್ರಮ ಬೇಡ, ಆದರೆ ಲಕ್ಷ ಸಂಖ್ಯೆಗಳಿದ್ದರೆ ಲಕ್ಷವನ್ನೂ ನೆನಪಿಡಲು ಜಾಗ ಬೇಕಾಗಬಹುದು. ಎರಡು ಬೆರಳಿನ ವಿಧಾನ ನೆನಪಿಡುವುದು ಎರಡು ಸ್ಥಾನಗಳನ್ನು ಮಾತ್ರ. ಬಿಟ್ಟುಬಂದ ಸಂಖ್ಯೆಗಳನ್ನು ಮತ್ತೆ ನೋಡುವ ಅಗತ್ಯ ಅದಕ್ಕಿಲ್ಲ. ಅವುಗಳ ತೀರ್ಪು ಬಿಡುವಾಗಲೇ ಮುಗಿದಿರುತ್ತದೆ.