ಪಕ್ಕದವರ ಕಾಂಪೌಂಡ್ ನಮ್ಮ ಹೊಲದೊಳಗೆ ಬಂದರೆ: ಬರೀ ಇಂಜಂಕ್ಷನ್ ಕೇಳಿದರೆ ಸಾಲದು

2021ರ ಜೂನ್‌ನಲ್ಲಿ ನಾನು ಹದಿನೈದು ದಿನ ಊರಲ್ಲಿರಲಿಲ್ಲ. ವಾಪಸ್ ಬಂದು ನೋಡಿದರೆ ನಮ್ಮ ಬದುವಿನ ಮೇಲಿದ್ದ ನುಗ್ಗೆ ಸಾಲು ಕಾಣಲಿಲ್ಲ. ಆ ಜಾಗದಲ್ಲಿ ಸಿಮೆಂಟ್ ಬ್ಲಾಕ್ ಗೋಡೆ ಎದ್ದಿತ್ತು. ಉದ್ದ 220 ಅಡಿ, ನಮ್ಮ ಕಡೆಗೆ ಬಂದಿದ್ದು ಐದಡಿ. ಲೆಕ್ಕ ಹಾಕಿದರೆ 1100 ಚದರಡಿ, ಅಂದರೆ ಒಂದು ಗುಂಟೆಗಿಂತ (1089 ಚದರಡಿ) ತುಸು ಹೆಚ್ಚು. ಕೇಳಲು ಹೋದರೆ ಪಕ್ಕದವರು, "ಐದಡಿಗೆ ಯಾಕಪ್ಪಾ ಇಷ್ಟು ರಂಪ?" ಅಂದರು. ಪೊಲೀಸ್ ಠಾಣೆಯಲ್ಲಿ, "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಅಂದರು.

ಆಗ ನಾವು ಒಂದು ತಪ್ಪು ಮಾಡಿದೆವು. ನೀವು ಅದನ್ನು ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಆಗಸ್ಟ್‌ನಲ್ಲಿ ಅಪ್ಪ ದಾವೆ ಹೂಡಿದರು. ಕೇಳಿದ್ದು ಶಾಶ್ವತ ನಿರ್ಬಂಧಕಾಜ್ಞೆ ಮಾತ್ರ, ಅಂದರೆ "ಎದುರುದಾರರು ನಮ್ಮ ಜಮೀನಿಗೆ ಬರದಂತೆ ತಡೆಯಿರಿ" ಅಂತ. ಎದುರು ವಕೀಲರ ಜವಾಬು ಚಿಕ್ಕದಾಗಿತ್ತು: ಗೋಡೆ ಆಗಲೇ ಎದ್ದಿದೆ, ಆ ಪಟ್ಟಿ ವಾದಿಯ ಸ್ವಾಧೀನದಲ್ಲೇ ಇಲ್ಲ, ಮತ್ತೆ ತಡೆಯುವುದು ಏನನ್ನು? ಕಾನೂನು ಇರುವುದೂ ಹಾಗೆಯೇ. ಜಾಗ ಕೈಯಲ್ಲಿದ್ದರೆ ಇಂಜಂಕ್ಷನ್ ಸಾಕು. ಕೈತಪ್ಪಿದ್ದರೆ ಸ್ವಾಧೀನವನ್ನೇ ವಾಪಸ್ ಕೇಳಬೇಕು. ಎದುರಿನವರು ಮಾಲೀಕತ್ವದ ಬಗ್ಗೆಯೇ ಗಂಭೀರ ತಕರಾರು ಎತ್ತಿದ್ದರೆ ಅದರ ಜೊತೆ ಹಕ್ಕು ಘೋಷಣೆಯನ್ನೂ ಕೇಳಬೇಕು. ಅನತುಲ ಸುಧಾಕರ್ ವಿರುದ್ಧ ಪಿ. ಬುಚ್ಚಿ ರೆಡ್ಡಿ (2008) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ.

ಹೊಸ ವಕೀಲರು ಫೈಲ್ ನೋಡುವ ಹೊತ್ತಿಗೆ ಗೋಡೆ ಎದ್ದು ಎಂಟು ತಿಂಗಳು ದಾಟಿತ್ತು. ಹಾಗಾಗಿ ಒಂದು ಹತ್ತಿರದ ದಾರಿ ಮುಚ್ಚಿಹೋಗಿತ್ತು. ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಂ ಪ್ರಕಾರ, ನಮ್ಮ ಒಪ್ಪಿಗೆಯಿಲ್ಲದೆ ಕಾನೂನುಬಾಹಿರವಾಗಿ ಜಾಗ ಬಿಡಿಸಿದ್ದರೆ ಆರು ತಿಂಗಳೊಳಗೆ ದಾವೆ ಹಾಕಬಹುದು. ಅಲ್ಲಿ ಮಾಲೀಕರು ಯಾರು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಜಾಗ ಯಾರ ಸ್ವಾಧೀನದಲ್ಲಿತ್ತು, ಯಾರು ಬಿಡಿಸಿದರು ಅಷ್ಟೇ. ನನ್ನ ಫೋನಿನಲ್ಲಿ ತಾರೀಖು ಸಮೇತ ನುಗ್ಗೆ ಸಾಲಿನ ಫೋಟೋಗಳಿದ್ದವು. ಆದರೆ ಹೊತ್ತು ಮೀರಿತ್ತು. ಸರ್ಕಾರದ ವಿರುದ್ಧ ಈ ದಾವೆ ಹಾಕಲು ಬರುವುದಿಲ್ಲ ಅನ್ನುವುದೂ ಗೊತ್ತಿರಲಿ.

ಉಳಿದಿದ್ದು 5ನೇ ಕಲಂ, ಅಂದರೆ ಮಾಲೀಕತ್ವದ ಆಧಾರದ ಮೇಲೆ ಸ್ವಾಧೀನ ಕೇಳುವುದು. ಇದಕ್ಕೆ 12 ವರ್ಷದ ಅವಧಿ ಇದೆ. ಅವರ ಸ್ವಾಧೀನ ನಮ್ಮ ಹಕ್ಕಿಗೆ ವಿರುದ್ಧವಾದಾಗಿನಿಂದ ಎಣಿಕೆ ಶುರು. 12 ವರ್ಷ ಸುಮ್ಮನಿದ್ದರೆ ದಾವೆಯ ಜೊತೆ ಹಕ್ಕೂ ಹೋಗಬಹುದು. ಅದೃಷ್ಟಕ್ಕೆ ಹಳೇ ದಾವೆಯನ್ನೇ ತಿದ್ದಲು ಕೋರ್ಟ್ ಒಪ್ಪಿತು. ಸ್ವಾಧೀನದ ಜೊತೆಗೆ ಗೋಡೆ ತೆಗೆಸುವ ಆದೇಶವನ್ನೂ (ಮ್ಯಾಂಡೇಟರಿ ಇಂಜಂಕ್ಷನ್) ಕೇಳಿದೆವು, ಹೆಚ್ಚುವರಿ ಕೋರ್ಟ್ ಫೀ ಕಟ್ಟಿದೆವು. ಈ ಆದೇಶ ಕೊಡುವುದು ಕೋರ್ಟಿನ ವಿವೇಚನೆ. ಗೋಡೆ ಏಳುವುದನ್ನು ಕಣ್ಣಾರೆ ನೋಡಿಯೂ ತೆಪ್ಪಗಿದ್ದವರಿಗೆ ಕೆಡವುವ ಬದಲು ದುಡ್ಡಿನ ಪರಿಹಾರ ಸಾಕು ಅನ್ನಬಹುದು. ಪಾಯ ತೋಡುವಾಗಲೇ ಗೊತ್ತಾದರೆ ಅದೇ ವಾರ ಹೋಗಿ ತಾತ್ಕಾಲಿಕ ತಡೆಯಾಜ್ಞೆ ಕೇಳಿ.

ಇನ್ನು ಸಾಕ್ಷ್ಯದ ಮಾತು. ಪಹಣಿಯಲ್ಲಿ ವಿಸ್ತೀರ್ಣ ಇರುತ್ತದೆ, ಗಡಿ ಎಲ್ಲಿ ಹಾದುಹೋಗಿದೆ ಅಂತ ಇರುವುದಿಲ್ಲ. ಅದಕ್ಕೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟೆವು. ಸರ್ವೇಯರ್ ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಮೂಲ ಟಿಪ್ಪಣಿ ಹಿಡಿದು ಅಳೆದು, ಒತ್ತುವರಿ ತೋರಿಸುವ ನಕ್ಷೆ ಕೊಟ್ಟರು. ಖಾಸಗಿ ಜಮೀನಿನ ಗೋಡೆಯನ್ನು ಸರ್ವೇಯರ್ ತೆಗೆಸಲಾರರು, ಅವರ ನಕ್ಷೆ ನಮಗೆ ಸಾಕ್ಷ್ಯ ಅಷ್ಟೇ. ಎದುರಿನವರು ಅದನ್ನೂ ಒಪ್ಪಲಿಲ್ಲ. ಆಗ ಸಿಪಿಸಿ ಆದೇಶ 26, ನಿಯಮ 9ರಂತೆ ಕೋರ್ಟ್ ಕಮಿಷನರ್ ನೇಮಿಸಲು ಕೇಳಿದೆವು. ಅವರು ಎರಡೂ ಜಮೀನು ಅಳೆಸಿದರು. ಒಂದೇ ಕಡೆ ಅಳೆದಿದ್ದರೆ "ನಮ್ಮ ಜಾಗವೇ ಕಡಿಮೆ ಇದೆ" ಅನ್ನುವ ವಾದ ಹಾಗೇ ಉಳಿಯುತ್ತಿತ್ತು.

ದಾವೆಯಲ್ಲಿ ಇನ್ನೊಂದು ಮುಖ್ಯ. ಇಡೀ ಜಮೀನು ಎ ಷೆಡ್ಯೂಲ್, ಒತ್ತುವರಿ ಪಟ್ಟಿ ಬಿ ಷೆಡ್ಯೂಲ್ ಅಂತ ಬೇರೆ ಮಾಡಿ, ಪಟ್ಟಿಯ ಉದ್ದ ಅಗಲ ಮತ್ತು ಚೆಕ್ಕುಬಂದಿ ಬರೆಸಿ. "ಸುಮಾರು ಒಂದು ಗುಂಟೆ" ಅಂತ ಬರೆಸಿದರೆ ಗೆದ್ದ ಮೇಲೂ ಎಷ್ಟು ಬಿಡಿಸಬೇಕು ಅನ್ನುವ ಜಗಳ ಅಮಲ್ಜಾರಿಯಲ್ಲಿ ಮತ್ತೆ ಹುಟ್ಟುತ್ತದೆ.

ಕಮಿಷನರ್ ವರದಿಯಲ್ಲಿ 4 ಅಡಿ 10 ಇಂಚು ಒತ್ತುವರಿ ಅಂತ ಬಂತು. ಆಮೇಲೆ ಪಕ್ಕದವರೇ ರಾಜಿಗೆ ಬಂದರು. ಬಾಯಿಮಾತಿನಲ್ಲಿ ಮುಗಿಸಲಿಲ್ಲ, ನಕ್ಷೆ ಲಗತ್ತಿಸಿ ಕೋರ್ಟಿನಲ್ಲೇ ರಾಜಿ ಡಿಕ್ರಿ ಮಾಡಿಸಿದೆವು. ಮಾತಿಗೆ ತಪ್ಪಿದರೆ ನೇರ ಅಮಲ್ಜಾರಿಗೆ ಹೋಗಬಹುದಲ್ಲ, ಅದಕ್ಕೆ.

ನಡುವೆ ಒಂದಿನ ತಮ್ಮ ಸಿಟ್ಟಿಗೆ ಜೆಸಿಬಿ ಕರೆಸಲು ಹೊರಟಿದ್ದ. ಅಪ್ಪ ಬಿಡಲಿಲ್ಲ. ಕೆಡವಿದ್ದರೆ ಆ 6ನೇ ಕಲಂ ದಾವೆ ನಮ್ಮ ಮೇಲೇ ಬರುತ್ತಿತ್ತು, ಜೊತೆಗೊಂದು ಕ್ರಿಮಿನಲ್ ಕೇಸೂ. ಈಗ ಗೋಡೆ ಅವರ ಕಡೆಗೆ ಸರಿದಿದೆ. ನುಗ್ಗೆ ಮತ್ತೆ ನೆಟ್ಟಿದ್ದೇವೆ, ಈ ಸಲ ಗಡಿಕಲ್ಲುಗಳ ಫೋಟೋ ತೆಗೆದಿಟ್ಟು.