ಕೇಳದೆ ತಂದ ವಸ್ತು: ತಂದೆತಾಯಿಗಳಿಗೆ ಬರೆಯುವ ನಾಲ್ಕು ವಾಕ್ಯ

ಒಂದು ತರಗತಿಯಲ್ಲಿ ಒಬ್ಬ ಹುಡುಗನ ಪೆನ್ನು ಕಾಣೆಯಾಗುತ್ತದೆ. ಎರಡು ದಿನದ ಮೇಲೆ ಅದು ಇನ್ನೊಬ್ಬ ಹುಡುಗನ ಚೀಲದಲ್ಲಿ ಕಾಣುತ್ತದೆ. ಪೆನ್ನನ್ನು ಹಿಂದಕ್ಕೆ ಕೊಡಿಸುವುದು ಕಷ್ಟದ ಕೆಲಸವಲ್ಲ. ತೆಗೆದುಕೊಂಡ ಹುಡುಗನ ಮನೆಗೆ ಈ ಸಂಗತಿಯನ್ನು ತಿಳಿಸುವುದಿದೆಯಲ್ಲ, ಅದು ಕಷ್ಟ. ತಿಳಿಸದೆ ಬಿಟ್ಟರೆ ಮನೆಯವರಿಗೆ ಮಾಡಿದ ಅನ್ಯಾಯವಾಗುತ್ತದೆ. ತಪ್ಪಾಗಿ ತಿಳಿಸಿದರೆ ಹುಡುಗನಿಗೆ ಮಾಡಿದ ಅನ್ಯಾಯವಾಗುತ್ತದೆ. ಈ ಎರಡನೆಯ ಅನ್ಯಾಯವನ್ನು ನಾನೇ ಒಮ್ಮೆ ಮಾಡಿದ್ದೇನೆ. ಆದಕಾರಣ ಅಲ್ಲಿಂದಲೇ ಮೊದಲು ಮಾಡುತ್ತೇನೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದೆ. ಹರಿಹರದಿಂದ ದಿನವೂ ಬಂದು ಹೋಗುವ ಹುಡುಗರು ತರಗತಿಯಲ್ಲಿ ಕೆಲವರಿದ್ದರು. ಅವರಲ್ಲಿ ಒಬ್ಬನ ಚೀಲದಲ್ಲಿ ಬೇರೊಬ್ಬನ ಪೆನ್ನು ಸಿಕ್ಕಿತು. ನಾನು ಆತುರದಲ್ಲಿ ಒಂದು ಚೀಟಿ ಬರೆದೆ: “ನಿಮ್ಮ ಮಗ ಪೆನ್ನು ಕದ್ದು ಸಿಕ್ಕಿಬಿದ್ದಿದ್ದಾನೆ. ಕೂಡಲೆ ಬಂದು ಕಾಣತಕ್ಕದ್ದು.” ಅದನ್ನು ಮಡಿಸಿ ಆ ಹುಡುಗನ ಕೈಯಲ್ಲಿಯೇ ಕೊಟ್ಟು ಕಳುಹಿಸಿದೆ.

ಅವನ ತಂದೆಗೆ ಒಂದು ಸಣ್ಣ ಅಂಗಡಿ ಇತ್ತು; ಓದು ಬರುತ್ತಿರಲಿಲ್ಲ. ನನಗೆ ಅದು ಗೊತ್ತಿರಲಿಲ್ಲ, ಕೇಳಿ ತಿಳಿದುಕೊಂಡೂ ಇರಲಿಲ್ಲ. ಅವರು ಆ ಚೀಟಿಯನ್ನು ಅಂಗಡಿಗೆ ಬಂದ ಗಿರಾಕಿಯೊಬ್ಬರ ಕೈಗೆ ಕೊಟ್ಟು ಓದಿಸಿದರು. ಅವರು ನಾಲ್ಕು ಜನರ ಮುಂದೆ ಗಟ್ಟಿಯಾಗಿಯೇ ಓದಿದರು. ಆಮೇಲೆ ಏನು ನಡೆದಿರಬಹುದೆಂದು ಓದುಗರು ಊಹಿಸಬಹುದು. ಎಂಟು ದಿನ ಹುಡುಗ ಶಾಲೆಗೆ ಬರಲಿಲ್ಲ. ಒಂಬತ್ತನೆಯ ದಿನ ನಾನೇ ಹರಿಹರಕ್ಕೆ ಹೋದೆ. ಅವನು ನನ್ನ ಮುಖ ನೋಡದೆ ಹೇಳಿದ್ದು ಒಂದೇ ಮಾತು: “ಸಾರ್, ಈಗ ನಾನು ಎಲ್ಲಿಗೆ ಹೋದ್ರೂ ಕಳ್ಳ ಅಂತಾರೆ.” ಅವನು ಹೇಗೋ ಆ ವರ್ಷ ಮುಗಿಸಿದ, ಮರುವರ್ಷ ಬೇರೆ ಶಾಲೆಗೆ ಹೊರಟುಹೋದ.

ನಾನು ಚೀಟಿಯಲ್ಲಿ ‘ಕಳ್ಳ’ ಎಂದು ಬರೆದಿರಲಿಲ್ಲ, ‘ಕದ್ದ’ ಎಂದು ಮಾತ್ರ ಬರೆದಿದ್ದೆ. ವ್ಯಾಕರಣ ಹೇಳುವವನಿಗೆ ಇವೆರಡರ ಭೇದ ಗೊತ್ತು. ‘ಕದ್ದ’ ಎಂಬುದು ಕ್ರಿಯಾಪದ, ಅದರಲ್ಲಿಯೂ ಭೂತಕಾಲ. ಆ ಕೆಲಸ ಒಂದು ದಿನ ನಡೆಯಿತು, ಮುಗಿಯಿತು. ‘ಕಳ್ಳ’ ಎಂಬುದು ನಾಮಪದ. ಅದಕ್ಕೆ ಕಾಲವೇ ಇಲ್ಲ. ಒಮ್ಮೆ ಅಂಟಿದರೆ ಹೆಸರಿನ ಹಾಗೆ ಉಳಿದುಬಿಡುತ್ತದೆ. ಆದರೆ ಕೇಳುವವರ ಕಿವಿಯಲ್ಲಿ ಮೊದಲನೆಯದು ಎರಡನೆಯದಾಗಲು ಒಂದು ಗಳಿಗೆ ಸಾಕು. ಅದಕ್ಕಾಗಿ ‘ಕದ್ದ’ ಎಂಬ ಮಾತನ್ನೂ ನಾನು ಅಂದಿನಿಂದ ಬಿಟ್ಟಿದ್ದೇನೆ. ‘ಕೇಳದೆ ತೆಗೆದುಕೊಂಡ’ ಎಂದು ಬರೆಯುತ್ತೇನೆ. ಇದು ಸತ್ಯವನ್ನು ಮರೆಮಾಡುವ ಮಾತಲ್ಲ. ತಪ್ಪು ಎಲ್ಲಿದೆ ಎಂಬುದನ್ನು ಅದು ಹೆಚ್ಚು ಸರಿಯಾಗಿ ತೋರಿಸುತ್ತದೆ. ತೆಗೆದುಕೊಂಡದ್ದಕ್ಕಿಂತ ಕೇಳದೆ ಇದ್ದದ್ದು ತಪ್ಪು. ಮುಂದೆ ಏನು ಮಾಡಬೇಕೆಂಬುದೂ ಆ ಮಾತಿನಲ್ಲಿಯೇ ಇದೆ: ಕೇಳಬೇಕು.

ಕಾನೂನು ಕೂಡ ಈ ವಯಸ್ಸಿನವರ ವಿಷಯದಲ್ಲಿ ನಮಗಿಂತ ಹೆಚ್ಚು ತಾಳ್ಮೆ ತೋರಿಸುತ್ತದೆ. ಏಳು ವರ್ಷ ತುಂಬದ ಮಗು ಮಾಡಿದ್ದು ಅಪರಾಧವೇ ಅಲ್ಲವೆಂದು 1860ರ ದಂಡಸಂಹಿತೆ ಹೇಳಿತ್ತು. ಏಳರಿಂದ ಹನ್ನೆರಡರವರೆಗೆ, ತಾನು ಮಾಡಿದ್ದೇನೆಂಬ ತಿಳಿವಳಿಕೆ ಮಗುವಿಗೆ ಬಲಿತಿರದಿದ್ದರೆ ಆಗಲೂ ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ಮಾತನ್ನು ಹಾಗೆಯೇ ಉಳಿಸಿಕೊಂಡಿದೆ. ನ್ಯಾಯಾಲಯ ಕೊಡದ ಬಿರುದನ್ನು ಮೇಷ್ಟರು ಒಂದು ಚೀಟಿಯಲ್ಲಿ ಕೊಡುವುದು ಸರಿಯೆ?

ಈಗ ಎರಡನೆಯ ಸಂದರ್ಭಕ್ಕೆ ಬರೋಣ. ಇದು ಕೆಲವು ವರ್ಷಗಳ ಈಚಿನದು. ಎಂಟನೆಯ ತರಗತಿಯ ಹುಡುಗನೊಬ್ಬನ ಕಂಪಾಸ್ ಪೆಟ್ಟಿಗೆ ಬುಧವಾರ ಕಾಣೆಯಾಯಿತು. ಶುಕ್ರವಾರ ಅದು ಪಕ್ಕದ ಬೆಂಚಿನವನ ಚೀಲದಲ್ಲಿ ನನ್ನ ಕಣ್ಣಿಗೆ ಬಿತ್ತು. ನಾನು ಎಲ್ಲರ ಚೀಲಗಳನ್ನು ತಡಕಲಿಲ್ಲ. ತಡಕಿದ್ದರೆ ತಪ್ಪಿಲ್ಲದ ನಲವತ್ತು ಮಕ್ಕಳೂ ಅವಮಾನ ಪಡಬೇಕಾಗಿತ್ತು. ಮೊದಲು ಕಳೆದುಕೊಂಡವನನ್ನು ಬೇರೆಯಾಗಿ ಕರೆದು, ಅವನು ಅದನ್ನು ಯಾರಿಗಾದರೂ ಕೊಟ್ಟಿದ್ದನೆ, ಏನಕ್ಕಾದರೂ ಬದಲು ಮಾಡಿಕೊಂಡಿದ್ದನೆ ಎಂದು ಕೇಳಿದೆ. ಮಕ್ಕಳಲ್ಲಿ ಇಂಥ ವಿನಿಮಯ ಬಹಳ. ಮನೆಯಲ್ಲಿ ಬೈಗುಳಕ್ಕೆ ಹೆದರಿ ಆಮೇಲೆ ‘ಕಳೆದುಹೋಯಿತು’ ಎಂದುಬಿಡುತ್ತಾರೆ. ಇವನು ಕೊಟ್ಟಿರಲಿಲ್ಲ.

ಆಮೇಲೆ ತೆಗೆದುಕೊಂಡವನನ್ನು ಮಾತನಾಡಿಸಿದೆ. “ನೀನು ತೆಗೆದುಕೊಂಡೆಯಾ?” ಎಂದು ಕೇಳಲಿಲ್ಲ. ಉತ್ತರ ನಮಗೆ ಗೊತ್ತಿರುವಾಗ ಹಾಗೆ ಕೇಳುವುದು ಮಗುವಿಗೆ ಬಲೆ ಹಾಸಿದಂತೆ. ಹೆದರಿದ ಮಗು “ಇಲ್ಲ” ಎನ್ನುತ್ತದೆ. ಒಂದು ತಪ್ಪಿದ್ದಲ್ಲಿ ಎರಡಾಗುತ್ತವೆ. ಎರಡನೆಯದಕ್ಕೆ ಕಾರಣ ನಾವೇ. “ಈ ಪೆಟ್ಟಿಗೆ ಯಾರದೆಂದು ನನಗೆ ಗೊತ್ತು. ಇದು ನಿನ್ನ ಹತ್ತಿರ ಹೇಗೆ ಬಂತು, ನಿಧಾನವಾಗಿ ಹೇಳು” ಎಂದೆ. ಸ್ವಲ್ಪ ಹೊತ್ತಿನ ಮೇಲೆ ಹೇಳಿದ. ಅವನದು ಅಣ್ಣನ ಹಳೆಯ ಪೆಟ್ಟಿಗೆ. ಕೈವಾರದ ಮೊನೆ ಮುರಿದಿತ್ತು. ವೃತ್ತ ಸೊಟ್ಟಗೆ ಬರುತ್ತಿತ್ತು. ರೇಖಾಗಣಿತದ ಪಾಠದಲ್ಲಿ ಎರಡು ಸಲ ಎದ್ದು ನಿಂತಿದ್ದ. ಊಟದ ವೇಳೆಗೆ ಅವನೇ ಪೆಟ್ಟಿಗೆಯನ್ನು ಒಯ್ದು, ಕೇಳದೆ ತೆಗೆದುಕೊಂಡೆನೆಂದು ಒಪ್ಪಿಕೊಂಡು, ಒಡೆಯನ ಕೈಗೆ ಕೊಟ್ಟ. ನಾನು ದೂರದಲ್ಲಿ ನಿಂತಿದ್ದೆ.

ಅಂದು ಮನೆಗೆ ಬರೆದದ್ದು ಇಷ್ಟು:

“ಮಾನ್ಯರೆ, ವಂದನೆಗಳು. ಬುಧವಾರ ಕಾಣೆಯಾಗಿದ್ದ ಸಹಪಾಠಿಯೊಬ್ಬನ ಕಂಪಾಸ್ ಪೆಟ್ಟಿಗೆ ಇಂದು ನಿಮ್ಮ ಹುಡುಗನ ಚೀಲದಲ್ಲಿತ್ತು; ಕೇಳದೆ ತೆಗೆದುಕೊಂಡೆನೆಂದು ಅವನೇ ನನಗೆ ಹೇಳಿದ್ದಾನೆ, ಅದನ್ನು ತನ್ನ ಕೈಯಿಂದಲೇ ಹಿಂದಿರುಗಿಸಿದ್ದಾನೆ. ಈ ವಿಷಯವನ್ನು ತರಗತಿಯಲ್ಲಿ ನಾನು ಎತ್ತಿಲ್ಲ, ಎತ್ತುವುದೂ ಇಲ್ಲ. ತನ್ನ ಕೈವಾರದ ಮೊನೆ ಮುರಿದಿದೆಯೆಂದು ಹೇಳುತ್ತಾನೆ, ತಾವು ಒಮ್ಮೆ ನೋಡಬೇಕು. ದಯವಿಟ್ಟು ಹೊಡೆಯಬೇಡಿ; ನಾಳೆ ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಇಲ್ಲಿಯೇ ಇರುತ್ತೇನೆ, ಬಂದರೆ ಕುಳಿತು ಮಾತನಾಡೋಣ.”

ವಂದನೆಯನ್ನು ಬಿಟ್ಟರೆ ನಾಲ್ಕೇ ವಾಕ್ಯ. ಒಂದೊಂದಕ್ಕೂ ಒಂದೊಂದು ಕೆಲಸವಿದೆ. ಮೊದಲನೆಯದು ನಡೆದದ್ದನ್ನು ಹೇಳುತ್ತದೆ: ದಿನ, ವಸ್ತು, ಅದು ಸಿಕ್ಕ ಜಾಗ. ಹುಡುಗನ ಗುಣದ ಮಾತು ಅಲ್ಲಿಲ್ಲ. ಇನ್ನೊಬ್ಬ ಹುಡುಗನ ಹೆಸರೂ ಇಲ್ಲ. ಹೆಸರು ಬರೆದರೆ ಎರಡು ಮನೆಗಳ ನಡುವೆ ಜಗಳಕ್ಕೆ ದಾರಿಯಾಗುತ್ತದೆ. ಎರಡನೆಯದು ತಂದೆತಾಯಿಗಳ ಮೊದಲ ಭಯಕ್ಕೆ ಉತ್ತರ, “ಎಷ್ಟು ಜನಕ್ಕೆ ಗೊತ್ತಾಯಿತೋ” ಎಂಬುದಕ್ಕೆ. ಈ ಭಯ ತಗ್ಗದೆ ಅವರಿಗೆ ಮುಂದಿನ ವಾಕ್ಯ ತಲೆಗೆ ಹೋಗುವುದಿಲ್ಲ. ಮೂರನೆಯದು ಕಾರಣದ ಕಡೆಗೆ ಬೆರಳು ತೋರಿಸುತ್ತದೆ, ಆದರೆ ತೀರ್ಪು ಕೊಡುವುದಿಲ್ಲ. ನಾಲ್ಕನೆಯದು ಬೇಡಿಕೆ. “ಕೂಡಲೆ ಬಂದು ಕಾಣತಕ್ಕದ್ದು” ಎಂಬುದು ಆಜ್ಞೆ. “ಬಂದರೆ ಮಾತನಾಡೋಣ” ಎಂಬುದು ಕರೆ. ಬರೆದ ಮೇಲೆ ಚೀಟಿಯನ್ನು ಹುಡುಗನ ಕೈಯಲ್ಲಿ ಕೊಡಲಿಲ್ಲ. ಮೊದಲು ತಾಯಿಗೆ ದೂರವಾಣಿಯಲ್ಲಿ ಮಾತನಾಡಿ, ಅವರೇ ಓದುತ್ತಾರೆಂದು ತಿಳಿದುಕೊಂಡು ಮುಚ್ಚಿದ ಲಕೋಟೆಯಲ್ಲಿ ತಲುಪಿಸಿದೆ.

ಶನಿವಾರ ಇಬ್ಬರೂ ಬಂದರು. ತಾಯಿ ಹೇಳಿದರು: “ಕೈವಾರ ಬೇಕು ಅಂತ ಎರಡು ಸಲ ಕೇಳಿದ್ದ ಸಾರ್. ಮುಂದಿನ ತಿಂಗಳು ನೋಡೋಣ ಅಂದಿದ್ವಿ.” ತಂದೆಗೆ ಬಹಳ ನೊಂದಿತ್ತು, ಆ ಸಂಜೆಯೇ ಹೊಸ ಪೆಟ್ಟಿಗೆ ಕೊಡಿಸಿಬಿಡುತ್ತೇನೆಂದರು. ನಾನು ತಡೆದೆ. ಅಂದೇ ಕೊಡಿಸಿದರೆ, ಕೇಳಿದಾಗ ಸಿಗದದ್ದು ಕೇಳದೆ ತೆಗೆದುಕೊಂಡಾಗ ಸಿಕ್ಕಿತು ಎಂಬ ಲೆಕ್ಕ ಹುಡುಗನ ಮನಸ್ಸಿನಲ್ಲಿ ಕೂರುತ್ತದೆ. ಗಣಿತದ ಮೇಷ್ಟರಿಗೆ ಹೇಳಿ ಶಾಲೆಯ ಕೈವಾರವನ್ನು ಅವನಿಗೆ ಎರವಲು ಕೊಡಿಸುವೆನೆಂದೂ, ತಿಂಗಳು ಕಳೆದ ಮೇಲೆ, ಅವನು ಕೂಡಿಟ್ಟ ಚಿಲ್ಲರೆಯನ್ನೂ ಸೇರಿಸಿ ಕೊಳ್ಳಬಹುದೆಂದೂ ಹೇಳಿದೆ. ಆ ಪೆಟ್ಟಿಗೆಯಲ್ಲಿದ್ದ ಪೆನ್ಸಿಲನ್ನು ಅವನು ಅರ್ಧ ಸವೆಸಿದ್ದ. ಅದಕ್ಕೆ ಬದಲು ಹೊಸ ಪೆನ್ಸಿಲು ಮಾತ್ರ ಸೋಮವಾರವೇ, ಅವನದೇ ಕಾಸಿನಲ್ಲಿ ಹೋಯಿತು. ವಸ್ತು ಹಿಂದಿರುಗಬೇಕು, ಸವೆದದ್ದು ತುಂಬಬೇಕು. ಶಿಕ್ಷೆ ಎಂಬುದಿದ್ದರೆ ಅದು ಅಷ್ಟೇ. ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ 2009ರ ಶಿಕ್ಷಣದ ಹಕ್ಕಿನ ಕಾಯಿದೆ ಎಳೆಯ ವಿದ್ಯಾರ್ಥಿಗಳ ವಿಷಯದಲ್ಲಿ ನಿಷೇಧಿಸಿದೆ. ಮನೆಯಲ್ಲಿ ನಿಷೇಧಿಸುವವರು ತಂದೆತಾಯಿಗಳೇ.

ಎಲ್ಲ ಸಂದರ್ಭಗಳೂ ಕೈವಾರದಷ್ಟು ಸುಲಭವಲ್ಲ. ನಾಲ್ಕೈದು ವರ್ಷದ ಮಗುವಿಗೆ ‘ನನ್ನದು’ ಎಂಬುದು ಗೊತ್ತು, ‘ನಿನ್ನದು’ ಎಂಬುದು ಇನ್ನೂ ಗಟ್ಟಿಯಾಗಿರುವುದಿಲ್ಲ. ಅಲ್ಲಿ ಚೀಟಿಯೇ ಬೇಡ, ಬಾಗಿಲ ಬಳಿ ಒಂದು ಮಾತು ಸಾಕು. ದೊಡ್ಡ ಮಗು ಮತ್ತೆ ಮತ್ತೆ ತೆಗೆದುಕೊಳ್ಳುತ್ತಿದ್ದರೆ ಏನು ತೆಗೆದುಕೊಳ್ಳುತ್ತಿದೆ ಎಂಬುದನ್ನು ನೋಡಬೇಕು. ಯಾವಾಗಲೂ ತಿಂಡಿಯೇ ಆದರೆ ಹಸಿವಿರಬಹುದು. ಹಣವಾಗಿ, ಅದನ್ನು ತಾನು ಖರ್ಚು ಮಾಡದೆ ಇದ್ದರೆ ದೊಡ್ಡ ಹುಡುಗರು ಯಾರೋ ಹೆದರಿಸಿ ಕೇಳುತ್ತಿರಬಹುದು. ಬೇಡದ ವಸ್ತುಗಳನ್ನು ತಂದು ಬಚ್ಚಿಡುತ್ತಿದ್ದು, ಮನೆಯಲ್ಲಿ ಈಚೆಗೆ ಸಾವೋ ಜಗಳವೋ ಆಗಿದ್ದರೆ, ಮಗುವಿಗೆ ಬೇಕಾಗಿರುವುದು ಬೇರೇನೋ ಇರುತ್ತದೆ. ಅಲ್ಲಿ ಚೀಟಿಯ ಕೆಲಸ ಮುಗಿಯುತ್ತದೆ, ಮಕ್ಕಳ ಮನಸ್ಸನ್ನು ಬಲ್ಲ ವೈದ್ಯರ ಕೆಲಸ ಮೊದಲಾಗುತ್ತದೆ.

ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಇಂಥದೇ ಒಂದು ಚೀಟಿಯ ವಿಷಯ ಬರೆದಿದ್ದಾರೆ. ಹದಿನೈದರ ವಯಸ್ಸಿನಲ್ಲಿ, ಅಣ್ಣನ ಇಪ್ಪತ್ತೈದು ರೂಪಾಯಿಯಷ್ಟು ಸಾಲ ತೀರಿಸಲು, ಆ ಅಣ್ಣನದೇ ತೋಳಿನ ಕಡಗದಿಂದ ಚೂರು ಚಿನ್ನ ತೆಗೆದಿದ್ದರು. ಬಾಯಲ್ಲಿ ಹೇಳಲಾರದೆ ತಪ್ಪೊಪ್ಪಿಗೆಯನ್ನು ಕಾಗದದಲ್ಲಿ ಬರೆದು, ಕಾಯಿಲೆಯಿಂದ ಮಲಗಿದ್ದ ತಂದೆಯ ಕೈಗೆ ಕೊಟ್ಟರು. ತಂದೆ ಎದ್ದು ಕುಳಿತು ಓದಿದರು. ಕಣ್ಣೀರು ಕಾಗದವನ್ನು ನೆನೆಸಿತು. ಸ್ವಲ್ಪ ಹೊತ್ತು ಕಣ್ಣುಮುಚ್ಚಿದ್ದು, ಆಮೇಲೆ ಆ ಚೀಟಿಯನ್ನು ಹರಿದುಹಾಕಿದರು. ಹರಿದುಹಾಕಿದರು ಎಂಬುದನ್ನು ನಾನು ಮುಖ್ಯವಾಗಿ ಗಮನಿಸುತ್ತೇನೆ. ತಪ್ಪು ಮನೆಯಲ್ಲಿ ದಾಖಲೆಯಾಗಿ ಉಳಿಯಲಿಲ್ಲ.

ಈಗ ಹರಿಯಲಾಗದ ಚೀಟಿಗಳು ಬಂದಿವೆ. ತರಗತಿಯ ವಾಟ್ಸ್‌ಆಪ್ ಗುಂಪಿನಲ್ಲಿ “ನನ್ನ ಮಗಳ ನೀರಿನ ಬಾಟಲಿಯನ್ನು ಯಾರ ಮಗು ಒಯ್ದಿದೆ?” ಎಂದು ಒಬ್ಬ ತಾಯಿ ಬರೆದರೆ, ಗಳಿಗೆಯೊಳಗೆ ಅರವತ್ತು ಮನೆಗಳಲ್ಲಿ ಊಹೆ ಮೊದಲಾಗುತ್ತದೆ. ಬಾಟಲಿ ಮಾರನೆಯ ದಿನ ಬೆಂಚಿನ ಕೆಳಗೆ ಸಿಕ್ಕರೂ ಊಹೆ ಮಾತ್ರ ಹಾಗೆಯೇ ಉಳಿಯುತ್ತದೆ. ವಸ್ತು ಕಳೆದುಕೊಂಡ ಮಗುವಿನ ತಂದೆತಾಯಿಗಳಲ್ಲಿ ನನ್ನ ಬೇಡಿಕೆ ಇದೊಂದೇ: ಗುಂಪಿನಲ್ಲಿ ಬರೆಯಬೇಡಿ. ಮೇಷ್ಟರಿಗೆ ಹೇಳಿ, ಮೇಷ್ಟರು ಒಂದು ಮನೆಗೆ ಮಾತ್ರ ಹೇಳಲಿ.

ಚೀಟಿ ನಿಮ್ಮ ಮನೆಗೇ ಬಂದರೆ? ಓದಿ, ಮಗುವನ್ನು ಹತ್ತಿರ ಕೂರಿಸಿಕೊಂಡು ಕೇಳಿ, ಹಿಂದಿರುಗಿಸಬೇಕಾದದ್ದು ಇನ್ನೂ ಉಳಿದಿದ್ದರೆ ಹಿಂದಿರುಗಿಸಿ. ಆಮೇಲೆ ಚೀಟಿಯನ್ನು ಹರಿದುಹಾಕಿ. ಮಗು ನೋಡುತ್ತಿರುವಾಗಲೇ ಹರಿದುಹಾಕಿ.